ವೀಸಾ ಅಪಾಯಿಂಟ್‌ಮೆಂಟ್ ಹತ್ತಿರ ಬಂತು, ಯೂನಿವರ್ಸಿಟಿ ಪತ್ರ ಇನ್ನೂ ಬಂದಿಲ್ಲವೇ?

ಜುಲೈ ತಿಂಗಳು ಬಂತೆಂದರೆ ನಮ್ಮ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮದುವೆ ಫೋಟೋಗಳ ನಡುವೆ ಇನ್ನೊಂದು ಬಗೆಯ ಮೆಸೇಜ್ ಶುರುವಾಗುತ್ತದೆ. ‘ಅಡ್ಮಿಶನ್ ಸಿಕ್ಕಿದೆ, ವೀಸಾ ಡೇಟೂ ಸಿಕ್ಕಿದೆ, ಆದ್ರೆ ಯೂನಿವರ್ಸಿಟಿಯವ್ರು ಎನ್‌ರೋಲ್‌ಮೆಂಟ್ ಲೆಟರ್ ಕೊಡ್ತಿಲ್ಲ, ಮೇಲ್‌ಗೆ ಉತ್ತರಾನೇ ಇಲ್ಲ.’ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದಿನಕ್ಕೆ ಹತ್ತಾರು ಟಿಕೆಟ್ ಓದುವುದು ನನ್ನ ಕೆಲಸದ ಭಾಗ. ‘ವರ್ಕ್ ಆಗ್ತಿಲ್ಲ, ಅರ್ಜೆಂಟ್’ ಎಂದಷ್ಟೇ ಬರೆದ ಟಿಕೆಟ್ ಯಾಕೆ ಕೊನೆಗೆ ಉಳಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೂತವರ ಕಥೆಯೂ ಅದೇ.

ಹೋದ ವರ್ಷ ದಾವಣಗೆರೆಯ ನನ್ನ ಚಿಕ್ಕಮ್ಮನ ಮಗಳು ಜರ್ಮನಿಗೆ ಎಂ.ಎಸ್ಸಿ. ಓದಲು ಹೊರಟಾಗ ಈ ಪತ್ರದ ವಿಷಯವನ್ನು ಮೊದಲಿನಿಂದ ಕೊನೆವರೆಗೆ ಹತ್ತಿರದಿಂದ ನೋಡಿದೆ. ಅವಳ ವೀಸಾ ಅಪಾಯಿಂಟ್‌ಮೆಂಟ್ ಇದ್ದದ್ದು ಆಗಸ್ಟ್ 18, ಸೋಮವಾರ, ಬೆಂಗಳೂರಿನಲ್ಲಿ. ಅವಳು ಕಳಿಸಿದ ಮೊದಲ ಮೇಲ್ ಹೀಗಿತ್ತು: ‘ಮಾನ್ಯರೇ, ನನಗೆ ವೀಸಾಗಾಗಿ ಎನ್‌ರೋಲ್‌ಮೆಂಟ್ ಲೆಟರ್ ತುರ್ತಾಗಿ ಬೇಕು, ದಯವಿಟ್ಟು ಬೇಗ ಕಳಿಸಿ.’ ಆರು ದಿನ ಬಿಟ್ಟು ಎರಡೇ ಸಾಲಿನ ಉತ್ತರ ಬಂತು: ‘ನೀವು ಇನ್ನೂ ನಮ್ಮಲ್ಲಿ ನೋಂದಾಯಿತ ವಿದ್ಯಾರ್ಥಿಯಲ್ಲ. ಹಾಗಾಗಿ ಅಂಥ ಪತ್ರ ಕೊಡಲಾಗದು.’

ಅವಳಿಗೆ ಅಳುವೇ ಬಂದಿತ್ತು. ‘ಅಣ್ಣಾ, ಸೀಟ್ ಕೊಟ್ಟಿದ್ದಾರೆ, ಈಗ ನೀನು ನಮ್ಮ ಸ್ಟೂಡೆಂಟೇ ಅಲ್ಲ ಅಂತಾರೆ!’ ಆದರೆ ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಅವಳು ಕೇಳಿದ ಪತ್ರವೇ ಬೇರೆ, ಅವಳಿಗೆ ಬೇಕಾಗಿದ್ದ ಪತ್ರವೇ ಬೇರೆ.

ಎರಡು ಪತ್ರ, ಎರಡು ಹೆಸರು

ನಮ್ಮಲ್ಲಿ ಸೀಟು ಸಿಕ್ಕಿ ಫೀಸು ಕಟ್ಟಿದರೆ ‘ಅಡ್ಮಿಶನ್ ಆಯ್ತು’ ಅಂತೀವಿ. ಅಲ್ಲಿಗೆ ಎಲ್ಲ ಮುಗಿಯಿತು. ಜರ್ಮನಿಯಲ್ಲಿ ಇದು ಎರಡು ಹಂತ, ಎರಡಕ್ಕೂ ಬೇರೆ ಬೇರೆ ಕಾಗದ.

ಮೊದಲನೆಯದು ಪ್ರವೇಶ ಪತ್ರ, `Zulassungsbescheid`. ‘ನಿನಗೆ ಈ ಕೋರ್ಸಿನಲ್ಲಿ ಜಾಗ ಕೊಟ್ಟಿದ್ದೇವೆ’ ಎಂದು ಹೇಳುವುದಷ್ಟೇ ಇದರ ಕೆಲಸ. ಎರಡನೆಯದು ನೋಂದಣಿ ಪ್ರಮಾಣಪತ್ರ, `Immatrikulationsbescheinigung`. ಕೊಟ್ಟ ಜಾಗವನ್ನು ಒಪ್ಪಿಕೊಂಡು, ಸೆಮಿಸ್ಟರ್ ಶುಲ್ಕ ಕಟ್ಟಿ, ಆರೋಗ್ಯ ವಿಮೆಯ ಮಾಹಿತಿ ತಲುಪಿಸಿ, ದಾಖಲೆಗಳನ್ನು ಕೊಟ್ಟು ಮುಗಿಸಿದ ಮೇಲೆ ಬರುವುದು ಇದು. ನಾವು ಇಂಗ್ಲಿಷಿನಲ್ಲಿ ‘ಎನ್‌ರೋಲ್‌ಮೆಂಟ್ ಲೆಟರ್’ ಎಂದು ಬರೆದರೆ ಅಲ್ಲಿಯವರು ಅದನ್ನು ಎರಡನೆಯ ಕಾಗದ ಎಂದೇ ಓದುತ್ತಾರೆ.

ಹಾಗಾದರೆ ವೀಸಾಕ್ಕೆ ಯಾವುದು ಬೇಕು? ವಿದ್ಯಾರ್ಥಿಗಳ ವೀಸಾ ಬರುವುದು ಜರ್ಮನಿಯ ವಾಸ್ತವ್ಯ ಕಾಯ್ದೆಯ 16ಬಿ ಕಲಮಿನ ಅಡಿಯಲ್ಲಿ. ಪೂರ್ಣಾವಧಿ ಓದಿಗೆ ವಿಶ್ವವಿದ್ಯಾಲಯ ಪ್ರವೇಶ ಕೊಟ್ಟಿರಬೇಕು ಎಂಬುದು ಅದರ ಮುಖ್ಯ ಷರತ್ತು. ಅಂದರೆ ಸಾಮಾನ್ಯವಾಗಿ ಮೊದಲ ಕಾಗದವೇ ಸಾಕು, ಅದು ಅಡ್ಮಿಶನ್ ಸಿಕ್ಕಿದ ದಿನವೇ ನಿಮ್ಮ ಕೈಯಲ್ಲಿರುತ್ತದೆ. ಎಷ್ಟೋ ಜನ ಕೈಯಲ್ಲಿರುವ ಕಾಗದ ಬಿಟ್ಟು ಇನ್ನೂ ಹುಟ್ಟದ ಕಾಗದಕ್ಕಾಗಿ ಮೇಲ್ ಮೇಲೆ ಮೇಲ್ ಹಾಕುತ್ತಿರುತ್ತಾರೆ. ಆದ್ದರಿಂದ ಮೇಲ್ ಬರೆಯುವ ಮೊದಲು ವೀಸಾ ಚೆಕ್‌ಲಿಸ್ಟ್ ಮತ್ತು ಪ್ರವೇಶ ಪತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಹಾಗಿದ್ದರೂ ಕೇಳಬೇಕಾಗುವುದು ಯಾವಾಗ?

ನಾವೂ ಹಾಗೇ ಓದಿದೆವು. ನಾಲ್ಕು ಪುಟದ ಪ್ರವೇಶ ಪತ್ರದ ಮೂರನೇ ಪುಟದಲ್ಲಿ ಒಂದು ವಾಕ್ಯ ಸಿಕ್ಕಿತು: ‘ಸೆಪ್ಟೆಂಬರ್ 5ರೊಳಗೆ ನೋಂದಣಿ ಮಾಡಿಸದಿದ್ದರೆ ಈ ಪ್ರವೇಶ ರದ್ದಾಗುತ್ತದೆ.’ ಅಪಾಯಿಂಟ್‌ಮೆಂಟ್ ಆಗಸ್ಟ್ 18. ಅಲ್ಲಿಂದ ವೀಸಾ ಕೈಗೆ ಬರಲು ವಾರಗಳೇ ಹಿಡಿಯಬಹುದು. ವೀಸಾ ಸೆಪ್ಟೆಂಬರ್ 10ಕ್ಕೆ ಬಂದರೆ? ಅಷ್ಟರಲ್ಲಿ ಪ್ರವೇಶವೇ ಹೋಗಿರುತ್ತದೆ. ವೀಸಾ ಅಧಿಕಾರಿಗೂ ಅದೇ ಪತ್ರ ಓದಿದಾಗ ಇದೇ ಅನುಮಾನ ಬರುವುದು ಸಹಜ.

ಆಗ ಅವಳ ನಿಜವಾದ ಸಮಸ್ಯೆ ಏನು ಅಂತ ಗೊತ್ತಾಯ್ತು. ‘ಲೆಟರ್ ಬೇಕು’ ಅನ್ನೋದಲ್ಲ ಸಮಸ್ಯೆ. ‘ಸೆಪ್ಟೆಂಬರ್ 5ರೊಳಗೆ ನಾನು ಅಲ್ಲಿ ಇರಲಾರೆ, ಆದರೂ ನನ್ನ ಜಾಗ ಉಳಿದಿದೆ ಎಂಬುದಕ್ಕೆ ಕಾಗದ ಬೇಕು’ ಅನ್ನೋದು. ಇದಕ್ಕೆ ದಾರಿ ಎರಡು. ಒಂದು, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ನೋಂದಣಿ ಮುಗಿಸಿ ಪ್ರಮಾಣಪತ್ರ ಪಡೆಯುವುದು. ಎಲ್ಲ ವಿಶ್ವವಿದ್ಯಾಲಯಗಳೂ ಇದಕ್ಕೆ ಅವಕಾಶ ಕೊಡುವುದಿಲ್ಲ, ಕೆಲವು ಕಡೆ ಖುದ್ದಾಗಿ ಬರಲೇಬೇಕು. ಎರಡು, ಖುದ್ದಾಗಿ ಬರಲೇಬೇಕಿದ್ದರೆ, ತಡವಾಗಿ ಬರಲು ಅನುಮತಿ ಇದೆ, ಇಂಥ ದಿನಾಂಕದವರೆಗೆ ಪ್ರವೇಶ ಊರ್ಜಿತ ಎಂದು ಹೇಳುವ ಪತ್ರ ತರಿಸುವುದು.

ಇದೇ ರೀತಿ ಮೇಲ್ ಬರೆಯಲೇಬೇಕಾದ ಇನ್ನೆರಡು ಸಂದರ್ಭಗಳಿವೆ. ಪ್ರವೇಶ ಪತ್ರದಲ್ಲಿ ‘ಅಂತಿಮ ಅಂಕಪಟ್ಟಿ ಬಂದ ಮೇಲೆ’ ಎಂಬಂಥ ಷರತ್ತಿದ್ದು, ನೀವು ಆ ಷರತ್ತನ್ನು ಪೂರೈಸಿದ್ದರೆ, ಷರತ್ತಿಲ್ಲದ ಹೊಸ ಪತ್ರ ಕೇಳಬೇಕು. ಪತ್ರದಲ್ಲಿ ಪಾಠದ ಭಾಷೆ ಯಾವುದೆಂದು ಬರೆದಿಲ್ಲದಿದ್ದರೆ, ‘ಈ ಕೋರ್ಸ್ ಇಂಗ್ಲಿಷಿನಲ್ಲಿ’ ಎಂಬ ದೃಢೀಕರಣ ಕೇಳಬೇಕು. ಇಲ್ಲದಿದ್ದರೆ ಇಂಗ್ಲಿಷ್ ಅಂಕಪಟ್ಟಿ ಹಿಡಿದು ಹೋದವರಿಗೆ ‘ಜರ್ಮನ್ ಎಲ್ಲಿ?’ ಎಂಬ ಪ್ರಶ್ನೆ ಎದುರಾಗಬಹುದು.

ಎರಡನೇ ಮೇಲ್

ಈ ಮೇಲ್ ಹೋದದ್ದು ಜುಲೈ 21, ಸೋಮವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ ಆಗ ಎಂಟು ಗಂಟೆ. ಆಫೀಸು ತೆರೆಯುವ ಹೊತ್ತಿಗೆ ಮೇಲ್ ಮೇಲ್ಗಡೆ ಇರುತ್ತದೆ. ಮೊದಲ ಮೇಲನ್ನು ಅವಳು ಕಳಿಸಿದ್ದು ಶುಕ್ರವಾರ ರಾತ್ರಿ. ಅದು ಶನಿವಾರ, ಭಾನುವಾರ ಬಂದ ಮೇಲ್‌ಗಳ ಕೆಳಗೆ ಹೂತುಹೋಗಿತ್ತು.

ವಿಷಯದ ಸಾಲು ಹೀಗಿತ್ತು. ಸಂಖ್ಯೆಯ ಜಾಗದಲ್ಲಿ ನಿಮ್ಮ ಅರ್ಜಿ ಸಂಖ್ಯೆ, ಕೊನೆಯಲ್ಲಿ ನಿಮ್ಮ ಕೋರ್ಸು ಹಾಕಿಕೊಳ್ಳಿ:

```
Enrolment before visa (appointment 18 August)
- Application no. 0000000 - M.Sc., winter semester
```

ಇದನ್ನು ಓದಿದವರಿಗೆ ಮೇಲ್ ತೆರೆಯುವ ಮೊದಲೇ ಮೂರು ವಿಷಯ ಗೊತ್ತಾಗುತ್ತದೆ: ಏನು ಬೇಕು, ಯಾವಾಗ ಬೇಕು, ಯಾರ ಫೈಲು ತೆರೆಯಬೇಕು. ‘ಅರ್ಜೆಂಟ್’ ಎಂಬ ಪದ ಇಲ್ಲ. ದಿನಾಂಕವೇ ಅದನ್ನು ಹೇಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅವರಿಗೆ ಬರುವ ಮೇಲೆಲ್ಲ ಅರ್ಜೆಂಟೇ ಆಗಿರುತ್ತದೆ, ಆ ಪದಕ್ಕೆ ಅಲ್ಲಿ ಬೆಲೆ ಉಳಿದಿರುವುದಿಲ್ಲ.

ಮೇಲ್ ಇಂಗ್ಲಿಷಿನಲ್ಲೇ ಇತ್ತು. ಅದರ ತಿರುಳು ಕನ್ನಡದಲ್ಲಿ ಹೀಗೆ:

‘ಚಳಿಗಾಲದ ಸೆಮಿಸ್ಟರ್‌ನ ಎಂ.ಎಸ್ಸಿ.ಗೆ ನನಗೆ ಪ್ರವೇಶ ಸಿಕ್ಕಿದೆ. ಪಾಸ್‌ಪೋರ್ಟಿನಲ್ಲಿರುವಂತೆ ನನ್ನ ಹೆಸರು, ಜನ್ಮದಿನಾಂಕ ಮತ್ತು ಅರ್ಜಿ ಸಂಖ್ಯೆ ಕೆಳಗಿವೆ. ನನ್ನ ವೀಸಾ ಅಪಾಯಿಂಟ್‌ಮೆಂಟ್ ಬೆಂಗಳೂರಿನಲ್ಲಿ ಆಗಸ್ಟ್ 18ಕ್ಕೆ ಇದೆ. ಪ್ರವೇಶ ಪತ್ರದ ಮೂರನೇ ಪುಟದಲ್ಲಿ ಸೆಪ್ಟೆಂಬರ್ 5ರೊಳಗೆ ನೋಂದಣಿ ಆಗಬೇಕು ಎಂದಿದೆ. ಅಷ್ಟರೊಳಗೆ ನಾನು ಜರ್ಮನಿಗೆ ಬರಲು ಆಗದಿರಬಹುದು.

‘ಪ್ರಶ್ನೆ ಒಂದು: ವೀಸಾಕ್ಕೆ ಮೊದಲೇ ಭಾರತದಿಂದ ಆನ್‌ಲೈನ್‌ನಲ್ಲಿ ನೋಂದಣಿ ಮುಗಿಸಬಹುದೇ? ಹೌದಾದರೆ, ಆಗಸ್ಟ್ 14ರೊಳಗೆ `Immatrikulationsbescheinigung` ಸಿಗಲು ನಾನು ಏನೇನು ಕಳಿಸಬೇಕು?

‘ಪ್ರಶ್ನೆ ಎರಡು: ಆಗದಿದ್ದರೆ, ನನ್ನ ಪ್ರವೇಶ ಇನ್ನೂ ಊರ್ಜಿತ, ಇಂಥ ದಿನಾಂಕದವರೆಗೆ ಬಂದು ನೋಂದಣಿ ಮಾಡಿಸಬಹುದು ಎಂದು ತಿಳಿಸುವ ಪತ್ರವನ್ನು ಪಿಡಿಎಫ್‌ನಲ್ಲಿ ಕಳಿಸಬಹುದೇ?

‘ಪ್ರವೇಶ ಪತ್ರ, ಪಾಸ್‌ಪೋರ್ಟಿನ ಮಾಹಿತಿ ಪುಟ ಮತ್ತು ಅಪಾಯಿಂಟ್‌ಮೆಂಟ್ ದೃಢೀಕರಣ ಲಗತ್ತಿಸಿದ್ದೇನೆ.’

ಅಷ್ಟೇ. ಇದರಲ್ಲಿ ನಮ್ಮ ಕೋಡ್ ಬರೆಯೋರಿಗೆ ಗೊತ್ತಿರುವ ‘ಇಫ್–ಎಲ್ಸ್’ ಅಡಗಿದೆ, ನೋಡಿ. ಒಂದು ಆಗದಿದ್ದರೆ ಎರಡು. ಉತ್ತರ ‘ಇಲ್ಲ’ ಎಂದು ಬಂದರೂ ಅದರ ಜೊತೆಗೇ ಮುಂದಿನ ದಾರಿಯೂ ಬರುತ್ತದೆ, ಇನ್ನೊಂದು ವಾರ ಕಾಯಬೇಕಾಗಿಲ್ಲ. ಯಾವ ಪುಟದ ಯಾವ ವಾಕ್ಯದಿಂದ ತೊಂದರೆ ಎಂದು ಹೇಳಿರುವುದರಿಂದ ಅವರು ಹುಡುಕಬೇಕಾಗಿಯೂ ಇಲ್ಲ.

ಆಗಸ್ಟ್ 18 ಅಪಾಯಿಂಟ್‌ಮೆಂಟ್ ಆದರೆ 14 ಎಂದು ಕೇಳಿದ್ದೇಕೆ? ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತೆ. 15 ಶುಕ್ರವಾರ ನಮ್ಮ ಸ್ವಾತಂತ್ರ್ಯ ದಿನ, ಆಮೇಲೆ ಶನಿ, ಭಾನು. ವಿಶೇಷ ಅಂದ್ರೆ ಜರ್ಮನಿಯ ಬವೇರಿಯಾದ ಬಹುಭಾಗದಲ್ಲೂ ಸಾರ್ಲಾಂಡ್‌ನಲ್ಲೂ ಅದೇ 15ಕ್ಕೆ ಕ್ರೈಸ್ತರ ಹಬ್ಬದ ರಜೆ. ಅಂದ ಮೇಲೆ ಎರಡೂ ಕಡೆ ಕೆಲಸ ನಡೆಯುವ ಕೊನೆಯ ದಿನ ಗುರುವಾರ, 14.

ಯಾರು ಕಳಿಸಬೇಕು?

ಇಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ವಿಷಯ ಹೇಳಲೇಬೇಕು. ಮೊದಲ ಉತ್ತರ ಬಂದಾಗ ಚಿಕ್ಕಪ್ಪ ‘ಕೊಡಮ್ಮ, ನಾನೇ ಒಂದು ಮೇಲ್ ಹಾಕ್ತೀನಿ, ತಂದೆ ಅಂತ ಬರೆದ್ರೆ ಬೆಲೆ ಕೊಡ್ತಾರೆ’ ಅಂದಿದ್ದರು. ನಮ್ಮ ಕಾಲೇಜುಗಳಲ್ಲಿ ಅದು ನಡೆಯುತ್ತದೆ. ಯುರೋಪಿನಲ್ಲಿ ನಡೆಯುವುದಿಲ್ಲ. ಅಲ್ಲಿನ ಡೇಟಾ ರಕ್ಷಣಾ ಕಾನೂನಿನ ಪ್ರಕಾರ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಆಕೆಯ ಮಾಹಿತಿಯನ್ನು ತಂದೆಗೂ ಕೊಡುವಂತಿಲ್ಲ, ಕನ್ಸಲ್ಟೆನ್ಸಿಯವರಿಗೂ ಕೊಡುವಂತಿಲ್ಲ. ಅರ್ಜಿ ಹಾಕುವಾಗ ಕೊಟ್ಟ ಮೇಲ್ ವಿಳಾಸದಿಂದಲೇ, ವಿದ್ಯಾರ್ಥಿಯೇ ಬರೆಯಬೇಕು. ಆ ವಿಳಾಸ ಏಜೆಂಟರು ಮಾಡಿಕೊಟ್ಟದ್ದಾಗಿದ್ದರೆ ಅದರ ಪಾಸ್‌ವರ್ಡ್ ಮೊದಲು ನಿಮ್ಮ ಕೈಗೆ ಬರಲಿ.

ಉತ್ತರ ಬಾರದಿದ್ದರೆ? ಐದು ಕೆಲಸದ ದಿನ ಕಾಯಿರಿ. ಆಮೇಲೆ ಹೊಸ ಮೇಲ್ ಬರೆಯದೆ, ಹಳೆಯದಕ್ಕೇ ರಿಪ್ಲೈ ಕೊಟ್ಟು ಎರಡು ಸಾಲಿನಲ್ಲಿ ನೆನಪಿಸಿ. ಹೊಸ ಮೇಲ್ ಹೊಸ ಟಿಕೆಟ್ ಆಗುತ್ತದೆ, ಒಂದೇ ವಿಷಯ ಇಬ್ಬರ ಮೇಜಿಗೆ ಹೋಗುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ತುಂಬ ಜನ ರಜೆಯಲ್ಲಿರುತ್ತಾರೆ. ‘ರಜೆಯಲ್ಲಿದ್ದೇನೆ’ ಎಂಬ ತಾನಾಗಿ ಬರುವ ಉತ್ತರವನ್ನು ಅಳಿಸಬೇಡಿ, ಬದಲಿಗೆ ಯಾರನ್ನು ಸಂಪರ್ಕಿಸಬೇಕು ಎಂಬ ವಿಳಾಸ ಹೆಚ್ಚಾಗಿ ಅದರಲ್ಲೇ ಇರುತ್ತದೆ.

‘ಹೌದು’ ಅಂದ ಮೇಲೆ

ಅವಳಿಗೆ ಬುಧವಾರ, ಜುಲೈ 23ಕ್ಕೆ ಉತ್ತರ ಬಂತು. ಆನ್‌ಲೈನ್ ನೋಂದಣಿ ಆಗುತ್ತದೆ, ಸೆಮಿಸ್ಟರ್ ಶುಲ್ಕ ಮತ್ತು ವಿಮೆಯ ಮಾಹಿತಿ ತಲುಪಿದ ಮೇಲೆ ಪ್ರಮಾಣಪತ್ರವನ್ನು ಪೋರ್ಟಲ್‌ನಿಂದ ತಾನೇ ಇಳಿಸಿಕೊಳ್ಳಬಹುದು. ಕೇಳಲು ಸುಲಭ. ನಮ್ಮ ಕಡೆಯ ವಿದ್ಯಾರ್ಥಿಗಳ ನೋಂದಣಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಈ ಎರಡು ಕಡೆ.

ಮೊದಲನೆಯದು ದುಡ್ಡು. ಭಾರತದ ಬ್ಯಾಂಕಿನಿಂದ ಯೂರೋ ಕಳಿಸಿದಾಗ ದಾರಿಯಲ್ಲಿರುವ ಬ್ಯಾಂಕು ತನ್ನ ಚಾರ್ಜನ್ನು ಅದರಲ್ಲೇ ಮುರಿದುಕೊಳ್ಳಬಹುದು. ಹತ್ತು ಯೂರೋ ಕಡಿಮೆ ತಲುಪಿದರೂ ಆ ಕಡೆ ಕಂಪ್ಯೂಟರ್ ‘ಶುಲ್ಕ ಬಾಕಿ’ ಎಂದೇ ತೋರಿಸುತ್ತದೆ, ನೋಂದಣಿ ನಿಲ್ಲುತ್ತದೆ. ಅದಕ್ಕೇ ಬ್ಯಾಂಕಿನ ಫಾರ್ಮಿನಲ್ಲಿ ಚಾರ್ಜುಗಳ ಕಾಲಮ್ಮಿನಲ್ಲಿ `OUR` ಆರಿಸಬೇಕು. ಆಗ ಖರ್ಚೆಲ್ಲ ನಮ್ಮದು, ಅವರಿಗೆ ಪೂರ್ತಿ ಮೊತ್ತ. ಜೊತೆಗೆ ವಿಶ್ವವಿದ್ಯಾಲಯ ಕೊಟ್ಟ ರೆಫರೆನ್ಸ್ ಸಂಖ್ಯೆಯನ್ನು ಒಂದಕ್ಷರ ಬಿಡದೆ ಬರೆಯಬೇಕು. ದುಡ್ಡು ಅಪ್ಪನ ಖಾತೆಯಿಂದ ಹೋಗುತ್ತದೆ, ಕಳಿಸಿದವರ ಹೆಸರು ಅಪ್ಪನದಾಗಿರುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಅದು ಯಾರ ಶುಲ್ಕ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಎರಡನೆಯದು ವಿಮೆ. ಇಲ್ಲಿ ಪಾಲಿಸಿಯ ಪಿಡಿಎಫ್ ಲಗತ್ತಿಸಿ ಕಳಿಸಿದರೆ ಸಾಲದು. 2022ರಿಂದ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮಾ ಸಂಸ್ಥೆಗಳು ವಿದ್ಯಾರ್ಥಿಯ ವಿಮೆಯ ಸ್ಥಿತಿಯನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಡಿಜಿಟಲ್ ರೂಪದಲ್ಲಿ ಕಳಿಸುತ್ತವೆ. ಆ ಸಂದೇಶದ ಹೆಸರು `M10`. ನೀವು ವಿಮಾ ಸಂಸ್ಥೆಗೆ ‘ಇಂಥ ವಿಶ್ವವಿದ್ಯಾಲಯಕ್ಕೆ ನನ್ನ `M10` ಕಳಿಸಿ’ ಎಂದು ಕೇಳಬೇಕು, ಅವರು ಕಳಿಸುತ್ತಾರೆ. ಪೋರ್ಟಲ್‌ನಲ್ಲಿ ಎಲ್ಲಕ್ಕೂ ಹಸಿರು ಗುರುತು ಬಂದು ವಿಮೆಯೊಂದೇ ಬಾಕಿ ಎಂದು ತೋರಿಸುತ್ತಿದ್ದರೆ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕಿ ಪ್ರಯೋಜನವಿಲ್ಲ. ಕೇಳಬೇಕಾದದ್ದು ವಿಮಾ ಸಂಸ್ಥೆಯನ್ನು.

ಅವಳು ಜುಲೈ 24ಕ್ಕೆ ಹಣ ಕಳಿಸಿದಳು, ಅದೇ ದಿನ ವಿಮೆಗೂ ಅರ್ಜಿ ಹಾಕಿದಳು. ಆಗಸ್ಟ್ 6ಕ್ಕೆ ಪ್ರಮಾಣಪತ್ರ ಪೋರ್ಟಲ್‌ನಲ್ಲಿ ಬಂದಿತ್ತು.

ಪತ್ರ ಬಂತು, ಓದಿದ್ರಾ?

ಪಿಡಿಎಫ್ ತೆರೆದ ಚಿಕ್ಕಪ್ಪ ಮೊದಲು ಕೇಳಿದ್ದು ‘ಸೀಲ್ ಎಲ್ಲಿ? ಸಹಿ ಎಲ್ಲಿ?’ ಎಂದು. ಸೀಲಿಲ್ಲದ ಕಾಗದವನ್ನು ನಾವು ಕಾಗದ ಅಂತ ಒಪ್ಪೋದೇ ಇಲ್ಲ ಅಲ್ವಾ? ಆದರೆ ಅಲ್ಲಿನ ಇಂಥ ಪ್ರಮಾಣಪತ್ರಗಳು ಬಹಳ ಕಡೆ ಕಂಪ್ಯೂಟರಿನಿಂದಲೇ ತಯಾರಾಗುತ್ತವೆ. ‘ಯಂತ್ರದಿಂದ ತಯಾರಾದ ಈ ಪತ್ರ ಸಹಿಯಿಲ್ಲದೆಯೂ ಊರ್ಜಿತ’ ಎಂಬ ಅರ್ಥದ ಸಾಲು ಕೆಳಗೆ ಇರುತ್ತದೆ. ಎಷ್ಟೋ ಪತ್ರಗಳಲ್ಲಿ ಪರಿಶೀಲನಾ ಸಂಖ್ಯೆಯೂ ಇರುತ್ತದೆ. ಆ ಸಾಲು ಇದ್ದರೆ ಸೀಲಿಗಾಗಿ ಮತ್ತೆ ಮೇಲ್ ಹಾಕಬೇಕಿಲ್ಲ.

ನಿಜವಾಗಿ ನೋಡಬೇಕಾದದ್ದು ಹೆಸರು. ಇದು ನಮ್ಮ ಕರ್ನಾಟಕದವರ ವಿಶೇಷ ತಾಪತ್ರಯ. ಎಸ್‌ಎಸ್‌ಎಲ್‌ಸಿಯಿಂದ ಡಿಗ್ರಿಯವರೆಗೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಬಿಡಿಸಿ ಒಂದನ್ನು ಊರಿನ ಹೆಸರು, ಇನ್ನೊಂದನ್ನು ತಂದೆಯ ಹೆಸರು ಮಾಡಿ ‘ಸರ್‌ನೇಮ್’ ಜಾಗದಲ್ಲಿ ತುಂಬಿರುತ್ತೇವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿಯೇ ಇರುತ್ತದೆ. ಅರ್ಜಿಯ ಪೋರ್ಟಲ್ ಖಾಲಿ ಬಿಡಲು ಒಪ್ಪುವುದಿಲ್ಲ, ಹಾಗಾಗಿ ಇನಿಷಿಯಲ್ಲನ್ನೋ ಚುಕ್ಕಿಯನ್ನೋ ಹಾಕಿ ಮುಂದೆ ಹೋಗಿರುತ್ತೇವೆ. ಆ ಚುಕ್ಕಿ ಮುಂದೆ ಪತ್ರದಲ್ಲೂ ಬರುತ್ತದೆ.

ವೀಸಾ ಕೌಂಟರಿನಲ್ಲಿ ಪತ್ರವನ್ನು ಹೋಲಿಸುವುದು ಪಾಸ್‌ಪೋರ್ಟಿನ ಜೊತೆ. ಆದ್ದರಿಂದ ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮ್ಮ ಹುಡುಗಿಯ ಪತ್ರದಲ್ಲಿ ಅವಳನ್ನು ಅಜ್ಜನ ಊರಿನ ಹೆಸರು ಹಿಡಿದು ಸಂಬೋಧಿಸಿದ್ದರು, ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಪಾಸ್‌ಪೋರ್ಟಿನಲ್ಲೂ ಅದೇ ಸರ್‌ನೇಮ್ ಇದ್ದುದರಿಂದ ಅದು ಸರಿಯಾಗಿಯೇ ಇತ್ತು. ಹೊಂದದೇ ಇದ್ದರೆ, ಪಾಸ್‌ಪೋರ್ಟ್ ಪುಟ ಲಗತ್ತಿಸಿ ‘ಹೆಸರು ಹೀಗೆ ತಿದ್ದಿ’ ಎಂದು ಅದೇ ದಿನ ಬರೆಯಿರಿ. ತಿದ್ದುಪಡಿಗೂ ದಿನ ಹಿಡಿಯುತ್ತದೆ.

ಹೆಸರಿನ ನಂತರ ಜನ್ಮದಿನಾಂಕ, ಕೋರ್ಸಿನ ಹೆಸರು, ಸೆಮಿಸ್ಟರ್ ಶುರುವಾಗುವ ದಿನ ನೋಡಿ. ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರು, ಪಾಠ ಅದಕ್ಕಿಂತ ತಡವಾಗಿ. ಪತ್ರದಲ್ಲಿ ಅಕ್ಟೋಬರ್ 1 ಎಂದಿದ್ದರೆ ಗಾಬರಿ ಬೇಡ.

ಬೇರೆ ದೇಶಕ್ಕೆ ಹೊರಟವರಿಗೆ

ಈ ಎರಡು ಕಾಗದದ ಲೆಕ್ಕ ಜರ್ಮನಿಯದು. ಬ್ರಿಟನ್ನಿಗೆ ಹೋಗುವವರು ಕೇಳಬೇಕಾದದ್ದು `CAS`. ಅದು ಪತ್ರವೇ ಅಲ್ಲ, ವೀಸಾ ಅರ್ಜಿಯಲ್ಲಿ ತುಂಬುವ ಒಂದು ಸಂಖ್ಯೆ. ಅಮೆರಿಕಕ್ಕೆ `I-20`, ಆಸ್ಟ್ರೇಲಿಯಾಕ್ಕೆ `CoE`. ಯಾವ ದೇಶವಾದರೂ ಮೇಲ್‌ನಲ್ಲಿ ಆ ದಾಖಲೆಯನ್ನು ಅದರ ಅಲ್ಲಿನ ಹೆಸರಿನಿಂದಲೇ ಕೇಳಿ. ಅಂದಾಜಿನ ‘ಎನ್‌ರೋಲ್‌ಮೆಂಟ್ ಲೆಟರ್’ ಬೇಡ.

ಇನ್ನೊಂದು ಮಾತು. ಈ ಪತ್ರ ಬಂದರೆ ವೀಸಾ ಬಂದಂತೆ ಅಲ್ಲ. ದುಡ್ಡಿನ ದಾಖಲೆ, ಹಳೆಯ ಅಂಕಪಟ್ಟಿಗಳ ಪರಿಶೀಲನೆ ಎಲ್ಲವನ್ನೂ ದೂತಾವಾಸ ಬೇರೆಯಾಗಿಯೇ ನೋಡುತ್ತದೆ. ‘ಸ್ವಲ್ಪ ಬೇಗ ವೀಸಾ ಕೊಡಲು ಹೇಳಿ’ ಎಂದು ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದರೆ ಅವರಿಗೆ ಆ ಅಧಿಕಾರವಿಲ್ಲ. ಅವರು ಹೇಳಬಲ್ಲದ್ದು ಇಷ್ಟೇ: ಈ ಹುಡುಗಿಗೆ ಇಲ್ಲಿ ಜಾಗವಿದೆ, ಇಂಥ ದಿನದವರೆಗೆ ಇದೆ. ಅವರಿಂದ ಆ ಎರಡು ಮಾತನ್ನು ಕಾಗದದಲ್ಲಿ ತರಿಸುವುದಷ್ಟೇ ನಿಮ್ಮ ಮೇಲ್‌ನ ಕೆಲಸ.